ಟೈರ್ ಫೋಟೋ ನೋಡಿ ಸೈಜು, ಟ್ಯೂಬಾ ಟ್ಯೂಬ್‌ಲೆಸ್ಸಾ, ಯಾವ ಗಾಡಿದು ಅಂತ ಓದೋದು ಹೇಗೆ

ದಿನಕ್ಕೆ ಒಂದಾದ್ರೂ ಇಂಥ ಮೆಸೇಜ್ ಬರುತ್ತೆ. ಟೈರಿನ ಒಂದು ಫೋಟೋ, ಕೆಳಗಡೆ "ಅಣ್ಣಾ ಇದು ನನ್ ಗಾಡಿಗೆ ಆಗುತ್ತಾ?" ಅಂತ. ಸೆಕೆಂಡ್ ಹ್ಯಾಂಡ್ ಟೈರ್ ಮಾರೋರು ಫೋಟೋ ಹಾಕಿರ್ತಾರೆ, ಇಲ್ಲಾ ಊರಲ್ಲಿರೋ ಅಪ್ಪ ಗಾಡಿ ಟೈರ್ ಫೋಟೋ ಕಳ್ಸಿ ಸಿಟಿಯಿಂದ ಬರ್ತಾ ಇಂಥದೇ ಒಂದು ತಗೊಂಡು ಬಾ ಅಂದಿರ್ತಾರೆ. ಫೋಟೋ ಸರಿಯಾಗಿದ್ರೆ ಸಾಕು, ಟೈರನ್ನ ಕೈಯಲ್ಲಿ ಹಿಡೀದೇನೇ ಮುಕ್ಕಾಲು ಪಾಲು ಹೇಳ್ಬಹುದು, ಆದ್ರೆ ಯಾವ ಬರಹಕ್ಕೆ ಏನು ಅರ್ಥ ಅಂತ ಗೊತ್ತಿರ್ಬೇಕು. ಅದನ್ನೇ ಒಂದೊಂದಾಗಿ ಹೇಳ್ತೀನಿ. ಜಾಸ್ತಿ ಜನ ಕೇಳೋದು ಬೈಕು ಸ್ಕೂಟರ್ ಬಗ್ಗೆ, ಹಾಗಾಗಿ ಅದನ್ನೇ ಮುಖ್ಯ ಇಟ್ಕೊಂಡಿದೀನಿ, ಆಟೋ ಕಾರು ಬೇಕಾದಲ್ಲಿ ಬರುತ್ತೆ.

ಸೈಡ್‌ವಾಲ್ ಅಂದ್ರೆ ಟೈರಿನ ಪಕ್ಕದ ಗೋಡೆ, ರೋಡಿಗೆ ತಾಗೋ ಗ್ರಿಪ್ಪಿಗೂ ಒಳಗಿನ ರಿಮ್ಮಿಗೂ ನಡುವಿನ ಭಾಗ. ನಮಗೆ ಬೇಕಾಗಿರೋ ಎಲ್ಲಾ ಬರಹ ಇಲ್ಲೇ ಉಬ್ಬಿಕೊಂಡಿರುತ್ತೆ.

1. ಮೊದಲು ಓದೋಕೆ ಬರೋ ಥರ ಫೋಟೋ ತೆಗೀರಿ

ಅರ್ಧ ತಕರಾರು ಇಲ್ಲೇ ಶುರುವಾಗೋದು. ಕಪ್ಪು ರಬ್ಬರ್ ಮೇಲೆ ಕಪ್ಪು ಅಕ್ಷರ, ಮೇಲೆ ಧೂಳು, ಅದನ್ನ ನೆತ್ತಿ ಬಿಸಿಲಲ್ಲಿ ಎದುರಿಗೆ ನಿಂತು ತೆಗೆದ್ರೆ ಏನೂ ಕಾಣಲ್ಲ. ಒದ್ದೆ ಬಟ್ಟೇಲಿ ಒರೆಸಿ, ಒಣಗಿದ ಮೇಲೆ ಸ್ಕೂಲ್ ಚಾಕ್‌ಪೀಸನ್ನ ಅಡ್ಡ ಹಿಡ್ಕೊಂಡು ಅಕ್ಷರದ ಮೇಲೆ ಮೆಲ್ಲಗೆ ಉಜ್ಜಿ. ಉಬ್ಬಿರೋ ಭಾಗಕ್ಕೆ ಮಾತ್ರ ಬಿಳಿ ಹತ್ತುತ್ತೆ, ಬರಹ ಹೊಳೆದು ಕಾಣುತ್ತೆ. ಚಾಕ್ ಇಲ್ಲಾಂದ್ರೆ ಇನ್ನೊಬ್ರ ಕೈಗೆ ಟಾರ್ಚ್ ಕೊಟ್ಟು ಪಕ್ಕದಿಂದ ಓರೆಯಾಗಿ ಬೆಳಕು ಬಿಡೋಕೆ ಹೇಳಿ, ನೆರಳು ಬಿದ್ದು ಅಕ್ಷರ ಎದ್ದು ನಿಲ್ಲುತ್ತೆ. ಫೋನಿನ ಫ್ಲಾಶ್ ಮಾತ್ರ ಬೇಡ, ನೇರ ಹೊಡೆದು ಎಲ್ಲಾ ಚಪ್ಪಟೆ ಮಾಡಿಬಿಡುತ್ತೆ.

ಒಂದು ಫೋಟೋ ಸಾಲಲ್ಲ. ಸೈಜು ಒಂದು ಕಡೆ ಇರುತ್ತೆ, ಟ್ಯೂಬ್‌ಲೆಸ್ ಅನ್ನೋ ಬರಹ ಇನ್ನೊಂದು ಕಡೆ, ತಾರೀಕು ಮತ್ತೊಂದು ಕಡೆ. ಚಕ್ರ ತಿರುಗಿಸ್ತಾ ಪೂರ್ತಿ ಸುತ್ತು ಬರೋ ಥರ ನಾಲ್ಕು ಫೋಟೋ, ಆಮೇಲೆ ಆ ಕಡೆ ಗೋಡೇದು ನಾಲ್ಕು, ಯಾಕಂದ್ರೆ ಎಷ್ಟೋ ಟೈರಲ್ಲಿ ತಾರೀಕು ಒಂದೇ ಬದಿಗೆ ಇರುತ್ತೆ. ಕಳಿಸುವಾಗ ವಾಟ್ಸಾಪಲ್ಲಿ ಡಾಕ್ಯುಮೆಂಟ್ ಅಂತ ಕಳಿಸಿ, ಸುಮ್ನೆ ಫೋಟೋ ಥರ ಕಳಿಸಿದ್ರೆ ಅದು ಕುಗ್ಗಿಸುತ್ತೆ, 3 ಯಾವ್ದು 8 ಯಾವ್ದು ಅಂತ ಗೊತ್ತಾಗಲ್ಲ. ಈ 3 ಮತ್ತು 8, 6 ಮತ್ತು 8, ಇವೇ ಜಾಸ್ತಿ ಮೋಸ ಮಾಡೋ ಅಂಕಿಗಳು. ಅನುಮಾನ ಬಂದ್ರೆ ಇನ್ನೊಂದು ಬದಿಯ ಗೋಡೆ ನೋಡಿ, ಅದೇ ಸೈಜು ಅಲ್ಲೂ ಇರುತ್ತೆ.

2. ಸೈಜಿನ ಸಾಲು ಹುಡುಕಿ

ಕಂಪನಿ ಹೆಸರು, ಮಾಡೆಲ್ ಹೆಸರು ದೊಡ್ಡದಾಗಿರುತ್ತೆ, ಅದನ್ನ ಸದ್ಯಕ್ಕೆ ಬಿಡಿ. ಹೆಸರು ನೋಡಿ ಗಾಡಿ ಹೇಳೋಕಾಗಲ್ಲ, ಒಂದೇ ಕಂಪನಿ ಕಾರಿಗೂ ಬೈಕಿಗೂ ಟೈರ್ ಮಾಡುತ್ತೆ. ನೀವು ಹುಡುಕ್ಬೇಕಾಗಿರೋದು ಈ ಥರದ ಸಾಲು:

```
90/100-10 53J
80/100-18 M/C 47P
2.75-18 4PR
145/80 R12 74T
```

ಮೊದಲನೇದು ತಗೊಳ್ಳಿ. 90 ಅಂದ್ರೆ ಟೈರಿನ ಅಗಲ, ಮಿಲಿಮೀಟರಲ್ಲಿ. 100 ಅಂದ್ರೆ ಗೋಡೆ ಎತ್ತರ, ಆದ್ರೆ ಇದು ಮಿಲಿಮೀಟರ್ ಅಲ್ಲ, ಅಗಲದ ಶೇಕಡಾ ಲೆಕ್ಕ. 90ರ ನೂರಕ್ಕೆ ನೂರು ಅಂದ್ರೆ 90 ಮಿಮೀ. ಕೊನೇ 10 ಅಂದ್ರೆ ರಿಮ್ಮಿನ ಅಡ್ಡಳತೆ, ಇಂಚಲ್ಲಿ. ಒಂದೇ ಸಾಲಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರೂ ಇರೋದ್ರಿಂದ ಹೊಸಬ್ರಿಗೆ ತಲೆ ಕೆಡುತ್ತೆ, ಒಂದ್ಸಲ ಮನಸ್ಸಿಗೆ ಹತ್ತಿದ್ರೆ ಮುಗೀತು.

ಇಲ್ಲೇ ಜನ ಎಡವೋದು. 90/100-10 ಮತ್ತು 90/90-10 ಕಣ್ಣಿಗೆ ಒಂದೇ ಥರ, ರಿಮ್ಮಿಗೂ ಎರಡೂ ಕೂತ್ಕೊಳ್ಳುತ್ತೆ, "10 ಇಂಚು ತಾನೇ" ಅಂತ ಹಾಕಿಬಿಡ್ತಾರೆ. ಲೆಕ್ಕ ಮಾಡಿ ನೋಡಿ. ಹತ್ತು ಇಂಚು ಅಂದ್ರೆ 254 ಮಿಮೀ, ಅದಕ್ಕೆ ಮೇಲೊಂದು ಕೆಳಗೊಂದು ಗೋಡೆ ಸೇರಿಸಿದ್ರೆ ಮೊದಲನೇದು 434 ಮಿಮೀ ಎತ್ತರ, ಎರಡನೇದಕ್ಕೆ ಗೋಡೆ 81 ಮಿಮೀ ಆದ್ದರಿಂದ 416 ಮಿಮೀ. ಹದಿನೆಂಟು ಮಿಮೀ ಕಮ್ಮಿ, ಅಂದ್ರೆ ಗಾಡಿ ಹಿಂದ್ಗಡೆ ಒಂಬತ್ತು ಮಿಮೀ ಕೆಳಗೆ ಕೂತ್ಕೊಳ್ಳುತ್ತೆ.

ಎರಡೇ ನಂಬರ್ ಇದ್ರೆ, ಅಂದ್ರೆ 2.75-18 ಥರ, ಅದು ಹಳೇ ಇಂಚಿನ ಲೆಕ್ಕ. 2.75 ಇಂಚು ಅಗಲ, 18 ಇಂಚು ರಿಮ್ಮು, ಗೋಡೆ ಎತ್ತರ ಬೇರೆ ಬರೆಯಲ್ಲ. ನಡುವೆ R ಇದ್ರೆ ರೇಡಿಯಲ್, ಬರೀ ಅಡ್ಡಗೆರೆ ಇದ್ರೆ ನಮ್ಮ ಅಂಗಡಿಗಳಲ್ಲಿ ನೈಲಾನ್ ಅಂತೀವಲ್ಲ ಅದು. M/C ಅಂತ ಇದ್ರೆ ಬೈಕ್ ರಿಮ್ಮಿಗೆ ಮಾತ್ರ ಅಂತ ಅರ್ಥ. PR ಅಂದ್ರೆ ಪ್ಲೈ ರೇಟಿಂಗ್, ಟೈರ್ ಎಷ್ಟು ಗಟ್ಟಿ, ಎಷ್ಟು ಲೋಡ್ ತಡೆಯುತ್ತೆ ಅನ್ನೋದರ ಹಳೇ ಅಳತೆ, ನಂಬರ್ ಜಾಸ್ತಿ ಇದ್ದಷ್ಟು ಲೋಡ್ ಜಾಸ್ತಿ.

ಇನ್ನೊಂದು. ಸೈಡ್‌ವಾಲಲ್ಲಿ ಸಣ್ಣ ಅಕ್ಷರದಲ್ಲಿ MAX LOAD ಅಂತ ಕೆಜಿ ಲೆಕ್ಕ, ಪಕ್ಕದಲ್ಲೇ ಒಂದು ಪಿಎಸ್‌ಐ ನಂಬರ್ ಇರುತ್ತೆ. ಅದನ್ನ ನೋಡಿ ಅಷ್ಟು ಗಾಳಿ ಹೊಡೆಸೋರಿದ್ದಾರೆ. ಅದು ಆ ಟೈರ್ ಪೂರ್ತಿ ಲೋಡ್ ಹೊತ್ತಾಗಿನ ಲೆಕ್ಕ, ನಿಮ್ಮ ಗಾಡಿಗೆ ಎಷ್ಟು ಗಾಳಿ ಅನ್ನೋದು ಗಾಡಿ ಮೇಲಿನ ಸ್ಟಿಕ್ಕರಲ್ಲಿ ಅಥವಾ ಪುಸ್ತಕದಲ್ಲಿ ಇರುತ್ತೆ.

3. ಸೈಜಿನ ಪಕ್ಕದ ನಂಬರು ಮತ್ತು ಅಕ್ಷರ ಬಿಡ್ಬೇಡಿ

53J, 47P ಇವನ್ನ ಯಾರೂ ಓದಲ್ಲ, ಆದ್ರೆ ಮುಂದಿನ ಟೈರಾ ಹಿಂದಿನ ಟೈರಾ ಅಂತ ಹೇಳೋದು ಎಷ್ಟೋ ಸಲ ಇದೇ. ನಂಬರನ್ನ ಲೋಡ್ ಇಂಡೆಕ್ಸ್ ಅಂತಾರೆ, ಅಂದ್ರೆ ಒಂದು ಟೈರ್ ಎಷ್ಟು ಕೆಜಿ ಹೊರುತ್ತೆ ಅನ್ನೋದರ ಸಂಕೇತ. ನಂಬರೇ ಕೆಜಿ ಅಲ್ಲ, ಅದಕ್ಕೆ ಪಟ್ಟಿ ಇದೆ. 47 ಅಂದ್ರೆ 175 ಕೆಜಿ, 53 ಅಂದ್ರೆ 206, 54 ಅಂದ್ರೆ 212. ಅಕ್ಷರ ಸ್ಪೀಡಿಂದು: J ಗಂಟೆಗೆ 100 ಕಿಮೀ ತನಕ, L 120, P 150.

ಸ್ಪ್ಲೆಂಡರ್ ಪ್ಲಸ್ ಇದಕ್ಕೆ ಒಳ್ಳೇ ಉದಾಹರಣೆ. ಅದಕ್ಕೆ ಮುಂದೆ ಹಿಂದೆ ಎರಡೂ 80/100-18, ಆದ್ರೆ ಮುಂದಿಂದು 47P, ಹಿಂದಿಂದು 54P. ಹಿಂದ್ಗಡೆ ಇಬ್ರು ಕೂತ್ಕೋತಾರೆ, ಜೊತೆಗೆ ಒಂದು ಮೂಟೆನೂ ಬರುತ್ತೆ, ಅದಕ್ಕೇ ಹಾಗೆ. ಬರೀ ಸೈಜು ನೋಡಿ ತಗೊಂಡ್ರೆ ಮುಂದಿನ ಟೈರನ್ನ ಹಿಂದಕ್ಕೆ ಹಾಕ್ತೀರಿ. ಇಟ್ಕೋಬೇಕಾದ ಲೆಕ್ಕ ಇಷ್ಟೇ: ಗಾಡಿಯಲ್ಲಿ ಇರೋದಕ್ಕಿಂತ ಲೋಡ್ ನಂಬರ್ ಕಮ್ಮಿ ಇರೋ ಟೈರ್ ಹಾಕ್ಬೇಡಿ.

ಗೋಡೆ ಮೇಲೆ ಬಾಣದ ಗುರುತಿದ್ರೆ ಅದು ತಿರುಗೋ ದಿಕ್ಕು. ಗ್ರಿಪ್ ಫೋಟೋನೂ ಒಂದು ಇರಲಿ. ಬೈಕಲ್ಲಿ ಸುತ್ತ ಉದ್ದಕ್ಕೆ ಗೆರೆ ಹೊಡೆದಂಗಿದ್ರೆ ಸಾಮಾನ್ಯವಾಗಿ ಮುಂದಿನ ಟೈರು, ದಪ್ಪ ದಪ್ಪ ತುಂಡು ತುಂಡಾಗಿದ್ರೆ ಹಿಂದಿನದು.

4. ಟ್ಯೂಬಾ, ಟ್ಯೂಬ್‌ಲೆಸ್ಸಾ?

ಸೈಡ್‌ವಾಲಲ್ಲಿ TUBELESS ಅಂತ ಪೂರ್ತಿ ಬರೆದಿರುತ್ತೆ, ಇಲ್ಲಾ ಸಣ್ಣದಾಗಿ TL ಅಂತ. ಟ್ಯೂಬ್ ಹಾಕೋ ಟೈರಲ್ಲಿ TUBE TYPE ಅಥವಾ TT. ಎರಡೂ ಕಾಣಲಿಲ್ಲ ಅಂದ್ರೆ ಮೊದಲು ಇನ್ನೊಂದು ಬದಿ ನೋಡಿ, ಅಲ್ಲೂ ಇಲ್ಲಾಂದ್ರೆ ಟ್ಯೂಬ್ ಟೈಪ್ ಅಂತಾನೇ ಲೆಕ್ಕ ಹಾಕಿ. ಟ್ಯೂಬ್‌ಲೆಸ್ ಟೈರಿಗೆ ಆ ಬರಹ ಇರ್ಲೇಬೇಕು, ಇಲ್ಲ ಅಂದ್ರೆ ಅದು ಟ್ಯೂಬ್‌ಲೆಸ್ ಅಲ್ಲ. "ಬರಹ ಅಳಿಸಿ ಹೋಗಿದೆ, ಆದ್ರೆ ಟ್ಯೂಬ್‌ಲೆಸ್ಸೇ" ಅಂತ ಮಾರೋನು ಹೇಳಿದ್ರೆ ನಂಬ್ಬೇಡಿ, ಉಬ್ಬಿರೋ ಅಕ್ಷರ ಎರಡೂ ಬದಿ ಅಷ್ಟು ಸುಲಭಕ್ಕೆ ಅಳಿಸಲ್ಲ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ವ್ಯತ್ಯಾಸ ಹೊರಗಡೆ ಕಾಣಲ್ಲ, ಒಳಗಡೆ ಇರೋದು. ಟ್ಯೂಬ್‌ಲೆಸ್ ಟೈರಿನ ಒಳಮೈಗೆ ಗಾಳಿ ಸೋರದ ಬೇರೆ ಥರದ ರಬ್ಬರ್ ಪದರ ಇರುತ್ತೆ, ಮತ್ತೆ ಬೀಡ್, ಅಂದ್ರೆ ರಿಮ್ಮಿಗೆ ಕಚ್ಕೊಳ್ಳೋ ತಂತಿ ಇರೋ ಅಂಚು, ಗಾಳಿ ಬಿಡದಂಗೆ ಬಿಗಿಯಾಗಿ ಕೂತ್ಕೊಳ್ಳೋ ಥರ ಮಾಡಿರ್ತಾರೆ. ಟ್ಯೂಬ್ ಟೈಪಲ್ಲಿ ಗಾಳಿ ಹಿಡಿಯೋ ಕೆಲಸ ಟ್ಯೂಬಿಂದು, ಹಾಗಾಗಿ ಆ ಪದರ ಇರಲ್ಲ. ಅದನ್ನ ಟ್ಯೂಬಿಲ್ಲದೆ ಹಾಕಿದ್ರೆ ಗಾಳಿ ನಿಲ್ಲಲ್ಲ, ಬೆಳಿಗ್ಗೆ ಹೊಡೆಸಿದ್ದು ಸಂಜೆಗೆ ಇಳಿದಿರುತ್ತೆ, ಪಂಕ್ಚರ್ ಅಂಗಡಿಯವನು ತೂತು ಹುಡುಕಿ ಹುಡುಕಿ ಸುಸ್ತಾಗ್ತಾನೆ.

ಟೈರ್ ಮೇಲೆ ಟ್ಯೂಬ್‌ಲೆಸ್ ಅಂತ ಇದ್ದ ಮಾತ್ರಕ್ಕೆ ನಿಮ್ಮ ಗಾಡಿಗೆ ಟ್ಯೂಬಿಲ್ಲದೆ ಓಡುತ್ತೆ ಅಂತ ಅಲ್ಲ, ರಿಮ್ಮೂ ಅದಕ್ಕೆ ತಕ್ಕಂತಿರ್ಬೇಕು. ಸ್ಪೋಕ್ ಕಡ್ಡಿ ಇರೋ ಸಾಮಾನ್ಯ ರಿಮ್ಮಲ್ಲಿ ಒಂದೊಂದು ಕಡ್ಡಿ ತೂತಲ್ಲೂ ಗಾಳಿ ಸೋರುತ್ತೆ, ಅಲ್ಲಿ ಟ್ಯೂಬ್ ಬೇಕೇ ಬೇಕು. ಅಲಾಯ್ ವೀಲ್ ಇದ್ರೆ ಟ್ಯೂಬ್‌ಲೆಸ್ಸೇ ಅಂತ ಅಂದ್ಕೋಬೇಡಿ, ಅಲಾಯ್ ಇದ್ದೂ ಟ್ಯೂಬ್ ಟೈರ್ ಹಾಕ್ಕೊಂಡು ಬಂದ ಹಳೇ ಬೈಕು ಬೇಕಾದಷ್ಟಿವೆ. ಗಾಡಿ ಜೊತೆ ಕಂಪನಿಯಿಂದ ಬಂದ ಟೈರಲ್ಲಿ ಏನು ಬರೆದಿದೆ ಅಂತ ನೋಡೋದೇ ನೇರ ದಾರಿ, ಅದು ಸಿಗ್ಲಿಲ್ಲ ಅಂದ್ರೆ ಪುಸ್ತಕ.

ಒಂದು ವಿಷಯ ಮಾತ್ರ ಸೈಡ್‌ವಾಲ್ ಹೇಳಲ್ಲ. ಟ್ಯೂಬ್‌ಲೆಸ್ ಟೈರಿನ ಒಳಗೆ ಯಾರೋ ಪಂಕ್ಚರ್ ಆದಾಗ ಟ್ಯೂಬ್ ತುರುಕಿರಬಹುದು. ಅದಕ್ಕೆ ಗಾಡಿ ಸಮೇತ ಫೋಟೋ ಕಳಿಸುವಾಗ ಗಾಳಿ ಹೊಡಿಯೋ ವಾಲ್ವಿಂದೂ ಒಂದು ತೆಗೀರಿ. ಬುಡದಲ್ಲಿ ದಪ್ಪ ರಬ್ಬರ್ ಇದ್ದು ರಿಮ್ ತೂತಿಗೆ ಗಟ್ಟಿಯಾಗಿ ಕೂತಿದ್ರೆ ಟ್ಯೂಬ್‌ಲೆಸ್ ವಾಲ್ವು. ತೆಳ್ಳಗಿನ ಲೋಹದ ಕಡ್ಡಿ, ನಟ್ ಸಡಿಲ ಮಾಡಿ ಬೆರಳಲ್ಲಿ ಒತ್ತಿದ್ರೆ ಒಳಗೆ ಹೊರಗೆ ಆಡುತ್ತೆ ಅಂದ್ರೆ ಒಳಗೆ ಟ್ಯೂಬ್ ಇದೆ.

ಲಾರಿ ಬಸ್ಸಿನವರಿಗೆ ಒಂದು ಸುಲಭದ ಗುರುತು: ಸೈಜಿನ ಕೊನೇಲಿ ಅರ್ಧ ಇಂಚು ಇದ್ರೆ, ಅಂದ್ರೆ 295/80 R22.5 ಥರ, ಅದು ಟ್ಯೂಬ್‌ಲೆಸ್. 10.00-20 ಥರ ಪೂರ್ತಿ ಇಂಚಿಂದು ಟ್ಯೂಬ್ ಹಾಕೋದು.

5. ಯಾವ ಗಾಡಿಗೆ ಅಂತ ಕಂಡುಹಿಡಿಯೋದು

ಇದಕ್ಕೆ ನನಗೆ ತುಂಬಾ ಉಪಯೋಗಕ್ಕೆ ಬಂದಿದ್ದು ಐಎಸ್‌ಐ ಗುರುತು. ಫೋಟೋ ಝೂಮ್ ಮಾಡಿ ಆ ಗುರುತನ್ನ ಹುಡುಕಿ, ಅದರ ಮೇಲ್ಗಡೆ ಸಣ್ಣದಾಗಿ ಒಂದು ನಂಬರ್ ಇರುತ್ತೆ:

```
IS 15627   ಬೈಕು, ಸ್ಕೂಟರ್, ಆಟೋ
IS 15633   ಕಾರು
IS 15636   ಗೂಡ್ಸ್ ಗಾಡಿ, ಲಾರಿ, ಬಸ್ಸು
```

ಸೈಜು ಅರ್ಧ ಅಳಿಸಿದ್ರೂ ಇದೊಂದು ಸಿಕ್ರೆ ಯಾವ ಜಾತಿ ಗಾಡಿದು ಅನ್ನೋದು ಖಾತ್ರಿ. ಟ್ಯೂಬಿಗೆ ಬೇರೆ ನಂಬರ್ ಇದೆ, 13098, ಅದನ್ನ ಟೈರಿಂದು ಅಂತ ಅಂದ್ಕೋಬೇಡಿ.

ಆಮೇಲೆ ರಿಮ್ ಇಂಚು ಮತ್ತು ಅಗಲ ಎರಡನ್ನೂ ಸೇರಿಸಿ ನೋಡಿ, ಒಂದನ್ನೇ ನೋಡಿದ್ರೆ ಎಡವ್ತೀರಿ. 4.00-8 ಅಂದ್ರೆ ಬಜಾಜ್ ಆಟೋ. 3.50-10 ಹಳೇ ಚೇತಕ್ ಥರದ ಸ್ಕೂಟರ್. 2.50-16 ಟಿವಿಎಸ್ ಎಕ್ಸೆಲ್, ಆದ್ರೆ 6.00-16 ಅಂದ್ರೆ ಟ್ರ್ಯಾಕ್ಟರ್ ಮುಂದಿನ ಚಕ್ರ, ರಿಮ್ ಇಂಚು ಒಂದೇ, ಗಾಡಿ ಎಲ್ಲಿಂದೆಲ್ಲಿಗೆ. 17, 18 ಇಂಚು ತೆಳ್ಳಗಿದ್ರೆ ಬೈಕು.

ಬೈಕಿನ ಹೆಸರು ಹೇಳಿ ಟೈರ್ ಕೇಳೋದೂ ಒಂದು ತಪ್ಪು. "ಆಕ್ಟಿವಾ ಟೈರ್ ಕೊಡಿ" ಅಂತಾರೆ, ಯಾವ ಆಕ್ಟಿವಾ? ಹಳೇದಕ್ಕೆ ಮುಂದೆ ಹಿಂದೆ ಎರಡೂ 90/100-10. 6ಜಿ ಬಂದ ಮೇಲೆ ಮುಂದಿಂದು 90/90-12 ಆಗಿದೆ, ಹಿಂದಿಂದು ಮಾತ್ರ ಮೊದಲಿನಂಗೆ. ಫೋಟೋದಲ್ಲಿ 90/90-12 ಇದ್ದು ನಿಮ್ಮದು ಹಳೇ ಗಾಡಿ ಆದ್ರೆ ಅದು ರಿಮ್ಮಿಗೇ ಹತ್ತಲ್ಲ.

ಟಾಟಾ ಏಸ್ ಇಟ್ಕೊಂಡಿರೋರು ಇದನ್ನ ಎರಡು ಸಲ ಓದಿ. ಏಸಿಗೆ ಬರೋದು 145 R12 LT 8PR. ಹಳೇ ಆಲ್ಟೋ ಕಾರಿನ ಟೈರು 145/80 R12 74T. ರಿಮ್ ಒಂದೇ, ಅಗಲ ಒಂದೇ, ಫೋಟೋದಲ್ಲಿ ಅಕ್ಕಪಕ್ಕ ಇಟ್ರೂ ಗೊತ್ತಾಗಲ್ಲ. ಆದ್ರೆ 74 ಅಂದ್ರೆ ಟೈರಿಗೆ 375 ಕೆಜಿ ಅಷ್ಟೇ, LT ಅಂದ್ರೆ ಲೋಡ್ ಗಾಡಿಗೆ ಅಂತಾನೇ ಗಟ್ಟಿ ಮಾಡಿದ್ದು. ಕಾರಿನ ಟೈರ್ ಅಗ್ಗಕ್ಕೆ ಸಿಕ್ತು ಅಂತ ಏಸಿಗೆ ಹಾಕಿ ಮಾರ್ಕೆಟ್ಟಿಗೆ ಟೊಮ್ಯಾಟೊ ಬಾಕ್ಸ್ ಪೇರಿಸ್ಕೊಂಡು ಹೊರಟ್ರೆ ಆ ಗೋಡೆ ತಡೆಯಲ್ಲ, ಬಿಸಿಯಾಗಿ ನಡುದಾರೀಲಿ ಒಡೆಯುತ್ತೆ. LT ಮತ್ತು PR ಇದೆಯಾ ಅಂತ ನೋಡಿ, ಐಎಸ್ ನಂಬರೂ ನೋಡಿ, 15633 ಅಂತಿದ್ರೆ ಅದು ಕಾರಿಂದು, ಅಲ್ಲಿಗೆ ಬಿಟ್ಬಿಡಿ.

6. ತಾರೀಕು

ಉದ್ದಗಿನ ಮೊಟ್ಟೆ ಆಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತೆ. ಮೊದಲೆರಡು ವಾರ, ಕೊನೇ ಎರಡು ವರ್ಷ. 3419 ಅಂದ್ರೆ 2019ನೇ ಇಸವಿಯ 34ನೇ ವಾರ, ಆಗಸ್ಟ್ ಕೊನೆ ಹತ್ತಿರ ತಯಾರಾಗಿದ್ದು. ಗ್ರಿಪ್ ಚೆನ್ನಾಗಿದೆ ಅಂತ ಮೋಸ ಹೋಗ್ಬೇಡಿ, ಓಡದೆ ಬಿಸಿಲಲ್ಲಿ ನಿಂತ ಟೈರಿಗೆ ಗ್ರಿಪ್ ಹೊಸದಂಗೇ ಇರುತ್ತೆ, ರಬ್ಬರ್ ಮಾತ್ರ ಒಣಗಿ ಗೋಡೆಯಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟಿರುತ್ತೆ. ಬರಹದ ಸುತ್ತ, ಬೀಡ್ ಹತ್ತಿರ ಝೂಮ್ ಮಾಡಿದ್ರೆ ಕಾಣುತ್ತೆ.

7. ಒಂದು ಫೋಟೋ ಪೂರ್ತಿ ಓದೋಣ

ಹೋದ ತಿಂಗಳು ನಮ್ಮ ಕಡೆಯ ಹುಡುಗನೊಬ್ಬ ಫೋಟೋ ಕಳಿಸಿದ್ದ. ಅವನದು ಸ್ಪ್ಲೆಂಡರ್ ಪ್ಲಸ್, ಅಲಾಯ್ ವೀಲು, ಹಿಂದಿನ ಟೈರ್ ಸವೆದು ನುಣ್ಣಗಾಗಿತ್ತು. ಮಾರೋನು "ಸ್ಪ್ಲೆಂಡರಿಂದೇ, ಹೊಸದರಂಗಿದೆ" ಅಂತ ಹೇಳಿದ್ನಂತೆ. ಮೊದಲ ಫೋಟೋ ಗೋಣಿಚೀಲದ ಮೇಲೆ ಟೈರ್ ಮಲಗಿಸಿ ಮೇಲಿಂದ ತೆಗೆದದ್ದು, ಕಂಪನಿ ಹೆಸರು ಬಿಟ್ರೆ ಏನೂ ಕಾಣ್ತಿರ್ಲಿಲ್ಲ. ಚಾಕ್‌ಪೀಸ್ ಹಚ್ಚಿ ಸುತ್ತ ತೆಗೆದು ಕಳಿಸೋಕೆ ಹೇಳು ಅಂದೆ.

ಎರಡನೇ ಸಲ ಆರು ಫೋಟೋ ಬಂತು. ಸೈಜು 80/100-18, ಅವನ ಗಾಡಿಗೂ ಅದೇ, ಅಲ್ಲಿ ತನಕ ಸರಿ. ಪಕ್ಕದಲ್ಲಿ M/C, ಕೆಳಗೆ IS 15627, ಅಂದ್ರೆ ಬೈಕಿಂದು ಅನ್ನೋದೂ ಖಾತ್ರಿ. TUBELESS ಅಂತ ಸ್ಪಷ್ಟವಾಗಿತ್ತು, ಅವನ ಹಳೇ ಟೈರ್ ಫೋಟೋ ತರಿಸಿದೆ, ಅದೂ TUBELESS, ಅಂದ್ರೆ ರಿಮ್ಮೂ ಸರಿ. ತಾರೀಕು 3419. ಅದೂ ಇರಲಿ ಅಂದ್ರೆ, M/C ಆದ ಮೇಲಿನ ಅಂಕಿ ಮೇಲೆ ಮಣ್ಣು ಕಟ್ಟಿತ್ತು, ಅರ್ಧ ಮಾತ್ರ ಕಾಣ್ತಿತ್ತು. ಆ ಕಡೆ ಗೋಡೆ ಫೋಟೋದಲ್ಲಿ ನೋಡಿದ್ರೆ 47P. ಗ್ರಿಪ್ ಫೋಟೋದಲ್ಲೂ ಉದ್ದುದ್ದ ಗೆರೆ.

ಸ್ಪ್ಲೆಂಡರಿಂದೇ ಹೌದು, ಆದ್ರೆ ಮುಂದಿನ ಚಕ್ರದ್ದು. ಅವನಿಗೆ ಬೇಕಾಗಿದ್ದು 54P. ಒಂದು ಚಕ್ರಕ್ಕೆ 37 ಕೆಜಿ ಕಮ್ಮಿ ಹೊರೋ ಟೈರು, ಅವನೋ ದಿನಾ ಅಮ್ಮನ್ನ ಕೂರಿಸ್ಕೊಂಡು ಹಾಲಿನ ಕ್ಯಾನ್ ಹಾಕ್ಕೊಂಡು ಡೈರಿಗೆ ಹೋಗೋನು. ಬೇಡ ಅಂದೆ. ಅವನು ಹೊಸ 54P ಹಾಕಿಸಿ ಅದರ ಫೋಟೋನೂ ಕಳಿಸಿದ್ದ, ಈ ಸಲ ಹೇಳೋ ಮೊದಲೇ ಚಾಕ್ ಹಚ್ಚಿತ್ತು.